ಥೈರಾಯ್ಡ್ ಇದ್ದವರ ತೂಕ: ಮಾತ್ರೆಯಿಂದ ಎಷ್ಟು, ತಟ್ಟೆಯಿಂದ ಎಷ್ಟು?

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಆಹಾರತಜ್ಞೆಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಕಾರ್ಯಕ್ರಮಕ್ಕೆ ಮೊದಲು ನಿಮ್ಮ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ ಎಂದು ಕಾರ್ಯದರ್ಶಿಯವರು ಕೇಳಿದ್ದರು. ಆ ಚೀಟಿಗಳನ್ನು ಈಗಷ್ಟೇ ಓದಿದೆ. ಕೋಸು ತಿನ್ನಬಹುದೇ, ರಾಗಿ ಬಿಡಬೇಕೇ, ಯಾವ ಯೋಗಾಸನ ಒಳ್ಳೆಯದು ಎಂಬ ಪ್ರಶ್ನೆಗಳಿವೆ. ಆದರೆ ಹೆಚ್ಚಿನ ಚೀಟಿಗಳು ಕೇಳಿರುವುದು ಒಂದನ್ನೇ: "ಮಾತ್ರೆ ತಗೊಳ್ತಾ ಇದ್ದೇನೆ, ರಿಪೋರ್ಟ್ ನಾರ್ಮಲ್ ಬಂದಿದೆ, ಆದರೂ ತೂಕ ಯಾಕೆ ಇಳಿಯುತ್ತಿಲ್ಲ?" ಹಾಗಾಗಿ ಇವತ್ತು ಅದನ್ನೇ ಹಿಡಿದುಕೊಂಡು ಹೋಗುತ್ತೇನೆ. ಕೋಸು, ರಾಗಿ ದಾರಿಯಲ್ಲಿ ತಾವಾಗಿಯೇ ಬರುತ್ತವೆ.

ನನ್ನ ಬಳಿ ಬಂದಿದ್ದ ಒಬ್ಬರ ಕಥೆಯ ಮೂಲಕ ಹೇಳಿದರೆ ನಿಮಗೆ ಸುಲಭವಾಗಬಹುದು. ಹೆಸರು ಬೇಡ, ಅಕ್ಕ ಎಂದೇ ಕರೆಯೋಣ. ವಯಸ್ಸು 46. ಊರು ಉಡುಪಿ ಕಡೆ, ಇಪ್ಪತ್ತೈದು ವರ್ಷಗಳಿಂದ ಮುಂಬಯಿಯಲ್ಲಿ ಸಂಸಾರ. ಬೆಳಿಗ್ಗೆ ಲೋಕಲ್ ಹಿಡಿದು ಆಫೀಸಿಗೆ ಹೋಗಿ ಸಂಜೆ ಏಳಕ್ಕೆ ಮನೆ ಸೇರುವವರು. ಎತ್ತರ 156 ಸೆಂಟಿಮೀಟರ್. ಒಂದು ವರ್ಷದಲ್ಲಿ ತೂಕ 66ರಿಂದ 72 ಕಿಲೋಗೆ ಏರಿತ್ತು. ಬೆಳಿಗ್ಗೆ ಎದ್ದಾಗ ಮುಖ ಊದಿಕೊಂಡಿರುತ್ತಿತ್ತು, ಬೆರಳಿನ ಉಂಗುರ ಬಿಗಿಯಾಗಿತ್ತು, ಮಲಬದ್ಧತೆ, ಎಲ್ಲರೂ ಫ್ಯಾನ್ ಹಾಕಿ ಎಂದರೆ ಇವರೊಬ್ಬರಿಗೆ ಚಳಿ. ರಕ್ತ ಪರೀಕ್ಷೆಯಲ್ಲಿ ಟಿ.ಎಸ್.ಎಚ್. 22 ಬಂತು. ಹೆಚ್ಚಿನ ಲ್ಯಾಬುಗಳಲ್ಲಿ ಇದರ ಮೇಲಿನ ಮಿತಿ ಸುಮಾರು 4ರಿಂದ 5. ವೈದ್ಯರು ದಿನಕ್ಕೆ 75 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ಬರೆದುಕೊಟ್ಟರು. ಅಕ್ಕ ಮನೆಗೆ ಬಂದು ಲೆಕ್ಕ ಹಾಕಿದರು: ಥೈರಾಯ್ಡ್‌ನಿಂದ ಆರು ಕಿಲೋ ಬಂದಿದೆ, ಮಾತ್ರೆಯಿಂದ ಆರು ಕಿಲೋ ಹೋಗುತ್ತದೆ.

ಈ ಲೆಕ್ಕದಲ್ಲೇ ಮುಂದಿನ ನಿರಾಸೆಯೆಲ್ಲ ಅಡಗಿತ್ತು.

ಥೈರಾಯ್ಡ್‌ನ ಪಾಲು ಎಷ್ಟು?

ಕುತ್ತಿಗೆಯ ಮುಂಭಾಗದಲ್ಲಿರುವ ಈ ಗ್ರಂಥಿ ಸಾಕಷ್ಟು ಹಾರ್ಮೋನ್ ಮಾಡದಿದ್ದಾಗ ಎರಡು ಕೆಲಸ ನಡೆಯುತ್ತದೆ. ಒಂದು, ಸುಮ್ಮನೆ ಕುಳಿತಾಗಲೂ ದೇಹ ಖರ್ಚು ಮಾಡುವ ಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ. ಇನ್ನೊಂದು, ದೇಹ ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಖದ ಊತ, ಬಿಗಿಯಾದ ಉಂಗುರ ಇದರ ಗುರುತು. ಥೈರಾಯ್ಡ್‌ನಿಂದ ನೇರವಾಗಿ ಏರುವ ತೂಕದಲ್ಲಿ ದೊಡ್ಡ ಭಾಗ ಈ ಉಪ್ಪು ನೀರೇ, ಕೊಬ್ಬು ಕಡಿಮೆ.

ಒಟ್ಟು ಎಷ್ಟು ಎಂದರೆ, ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕಿಲೋ. ಕೊರತೆ ತೀವ್ರವಾಗಿದ್ದವರಲ್ಲಿ ಹೆಚ್ಚಿನ ಕಡೆ, ಸೌಮ್ಯವಾಗಿದ್ದವರಲ್ಲಿ ಕಡಿಮೆ ಕಡೆ. ಟಿ.ಎಸ್.ಎಚ್. 6 ಅಥವಾ 7 ಇದ್ದು, ಟಿ4 ಸರಿಯಾಗಿಯೇ ಇದ್ದರೆ, ನಿಮ್ಮ ತೂಕಕ್ಕೂ ಥೈರಾಯ್ಡ್‌ಗೂ ಸಂಬಂಧ ಬಹಳ ಕಡಿಮೆ. ಹತ್ತು ಹದಿನೈದು ಕಿಲೋ ಏರಿದ್ದರೆ ಅದನ್ನೆಲ್ಲ ಥೈರಾಯ್ಡ್ ತಲೆಗೆ ಕಟ್ಟುವಂತಿಲ್ಲ. ವಯಸ್ಸು, ಮುಟ್ಟು ನಿಲ್ಲುವ ಹೊತ್ತಿನ ಬದಲಾವಣೆ, ಕುಳಿತೇ ಮಾಡುವ ಕೆಲಸ, ನಿದ್ದೆ, ಬೇರೆ ಕೆಲವು ಔಷಧಿಗಳು, ತಟ್ಟೆ ಎಲ್ಲವೂ ಅದರಲ್ಲಿ ಪಾಲುದಾರರು.

ಅಂದರೆ ಅಕ್ಕ ಕಾಯಬೇಕಾಗಿದ್ದದ್ದು ಆರು ಕಿಲೋಗಲ್ಲ, ಎರಡು ಮೂರು ಕಿಲೋಗೆ. ಅದೂ ಮಾತ್ರೆ ಸರಿಯಾಗಿ ದೇಹಕ್ಕೆ ಸೇರಿದರೆ ಮಾತ್ರ.

ಮಾತ್ರೆ ಮತ್ತು ಫಿಲ್ಟರ್ ಕಾಫಿ

ಎರಡು ತಿಂಗಳ ನಂತರ ಅಕ್ಕನ ಟಿ.ಎಸ್.ಎಚ್. 11 ಬಂತು. ಇಳಿದಿತ್ತು, ಆದರೆ ಸಾಕಾಗುವಷ್ಟಲ್ಲ. ಡೋಸ್ ಹೆಚ್ಚಿಸುವ ಮೊದಲು ವೈದ್ಯರು ಒಂದು ಪ್ರಶ್ನೆ ಕೇಳಿದರು: "ಮಾತ್ರೆ ಹೇಗೆ ತಗೊಳ್ತೀರಿ?"

"ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಡಾಕ್ಟ್ರೇ. ಒಂದು ದಿನ ಕೂಡ ಬಿಟ್ಟಿಲ್ಲ."

"ಆಮೇಲೆ?"

"ಆಮೇಲೆ ಕಾಫಿ. ಡಿಕಾಕ್ಷನ್ ರಾತ್ರಿಯೇ ಇಳಿಸಿ ಇಟ್ಟಿರುತ್ತೇನೆ. ಹಾಲು ಬಿಸಿ ಮಾಡೋದೊಂದೇ ಕೆಲಸ, ಹತ್ತು ನಿಮಿಷ."

ಇದರ ಜೊತೆಗೆ, ಮೊಣಕಾಲು ನೋವಿಗೆಂದು ಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆಯನ್ನು ಏಳು ಗಂಟೆಯ ತಿಂಡಿಯ ಜೊತೆ ತೆಗೆದುಕೊಳ್ಳುತ್ತಿದ್ದರು.

ಲೆವೊಥೈರಾಕ್ಸಿನ್ ಬಹಳ ಸಣ್ಣ ಪ್ರಮಾಣದ ಔಷಧಿ. ಒಂದು ಗ್ರಾಮಿನ ಲಕ್ಷದಲ್ಲಿ ಏಳೆಂಟು ಪಾಲು ಅಷ್ಟೇ. ಹೊಟ್ಟೆಯಲ್ಲಿ ಬೇರೆ ಏನಾದರೂ ಇದ್ದರೆ ಕರುಳಿನಿಂದ ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಕಾಫಿ, ಹಾಲು ಇದನ್ನು ತಡೆಯುತ್ತವೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು ಇನ್ನೂ ಹೆಚ್ಚು, ಏಕೆಂದರೆ ಅವು ಲೆವೊಥೈರಾಕ್ಸಿನ್ ಅನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತವೆ. ಅಕ್ಕ ನುಂಗಿದ್ದು 75. ದೇಹಕ್ಕೆ ಸೇರುತ್ತಿದ್ದುದು ಅದಕ್ಕಿಂತ ಕಡಿಮೆ.

ಸರಿಯಾದ ಕ್ರಮ ಹೀಗೆ. ಮಾತ್ರೆ ಬರೀ ನೀರಿನ ಜೊತೆ. ಅದಾದ ಮೇಲೆ ಕಾಫಿ, ಚಹಾ, ಹಾಲು, ತಿಂಡಿ ಏನೇ ಇರಲಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಒಂದು ಗಂಟೆಯಾದರೆ ಉತ್ತಮ. ಕ್ಯಾಲ್ಸಿಯಂ, ಕಬ್ಬಿಣ, ಇವು ಸೇರಿರುವ ಮಲ್ಟಿವಿಟಮಿನ್, ಅಸಿಡಿಟಿಗೆ ಕುಡಿಯುವ ಆಂಟಾಸಿಡ್, ಇವಕ್ಕೆಲ್ಲ ನಾಲ್ಕು ಗಂಟೆ ಅಂತರ. ಬೆಳಗಿನ ಗಡಿಬಿಡಿಯಲ್ಲಿ ಇದು ಆಗುವುದೇ ಇಲ್ಲ ಎನ್ನುವವರು ವೈದ್ಯರನ್ನು ಕೇಳಿ ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದು. ಆಗ ಊಟವಾಗಿ ಮೂರು ಗಂಟೆಯಾದರೂ ಕಳೆದಿರಬೇಕು, ಮಲಗುವ ಮುಂಚಿನ ಹಾಲು ಇರಬಾರದು. ಬೆಳಿಗ್ಗೆಯೋ ರಾತ್ರಿಯೋ, ಒಂದನ್ನು ಹಿಡಿದರೆ ಅದನ್ನೇ ಮುಂದುವರಿಸಿ.

ಅಕ್ಕ ಮಾಡಿದ್ದಿಷ್ಟೇ. ಮಾತ್ರೆಯ ಶೀಶೆಯನ್ನು ದಿಂಬಿನ ಪಕ್ಕ ಇಟ್ಟುಕೊಂಡು, ಐದು ಗಂಟೆಗೆ ನೀರು ತುಂಬಲು ಏಳುವಾಗ ನುಂಗಿದರು. ಕಾಫಿ ಆರಕ್ಕೆ. ಕ್ಯಾಲ್ಸಿಯಂ ರಾತ್ರಿ ಊಟದ ನಂತರಕ್ಕೆ ಹೋಯಿತು. ಡೋಸ್ ಬದಲಿಸಲಿಲ್ಲ. ಎಂಟು ವಾರಗಳ ನಂತರ ಟಿ.ಎಸ್.ಎಚ್. 3.2.

ಎಂಟು ವಾರ ಯಾಕೆ ಎಂದು ಕೇಳಬಹುದು. ಈ ಹಾರ್ಮೋನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ಡೋಸ್ ಅಥವಾ ಸಮಯ ಬದಲಿಸಿದ ಮೇಲೆ ರಕ್ತದ ಮಟ್ಟ ಒಂದು ಕಡೆ ನಿಲ್ಲಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಿದರೆ ದುಡ್ಡು ಹೋಗುತ್ತದೆ, ತಿಳಿಯುವುದೇನೂ ಇಲ್ಲ. ಇನ್ನೊಂದು ಎಚ್ಚರಿಕೆ: ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಿನ್ನುವವರು ನಮ್ಮಲ್ಲಿ ಬಹಳ. ಅದು ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನೇ ತಪ್ಪಾಗಿ ತೋರಿಸಬಲ್ಲದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಲ್ಯಾಬಿನವರಿಗೂ ವೈದ್ಯರಿಗೂ ಹೇಳಿ.

ಈ ಹೊತ್ತಿಗೆ ಅಕ್ಕನ ತೂಕ 69.8 ಕಿಲೋ ಆಗಿತ್ತು. ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು ಇಳಿದಿತ್ತು. ಮುಖದ ಊತ ಹೋಗಿತ್ತು, ಉಂಗುರ ಸಲೀಸಾಗಿ ತಿರುಗುತ್ತಿತ್ತು, ಚಳಿ ಕಡಿಮೆಯಾಗಿತ್ತು. ಥೈರಾಯ್ಡ್ ಕೊಟ್ಟಿದ್ದನ್ನು ಮಾತ್ರೆ ವಾಪಸು ತೆಗೆದುಕೊಂಡಿತ್ತು. ಅಲ್ಲಿಗೆ ನಿಂತಿತು.

"ಡೋಸ್ ಜಾಸ್ತಿ ಮಾಡಿಸಲಾ?"

ಅಕ್ಕ ನನ್ನ ಬಳಿ ಬಂದದ್ದು ಆಗ. ಮೊದಲ ಮಾತೇ ಇದು: "ಮೇಡಂ, ನನ್ನ ನಾದಿನಿಗೆ 100 ಕೊಟ್ಟಿದ್ದಾರೆ, ಅವಳು ಸಣ್ಣಗೇ ಇದ್ದಾಳೆ. ನನಗೂ 100 ಮಾಡಿಸಿಕೊಂಡರೆ ತೂಕ ಇಳಿಯಲ್ವಾ? ಡಾಕ್ಟ್ರು ಬೇಡ ಅಂತಾರೆ. ಒಂದು ಮಾತ್ರೆ, ಮೇಲೊಂದು ಚೂರು ನಾನೇ ತಗೊಂಡರೆ?"

ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಟಿ.ಎಸ್.ಎಚ್. ಸರಿಯಾಗಿರುವವರು ಹೆಚ್ಚು ಹಾರ್ಮೋನ್ ತೆಗೆದುಕೊಂಡರೆ ಒಂದೆರಡು ಕಿಲೋ ಇಳಿಯಬಹುದು. ಆದರೆ ಅದರಲ್ಲಿ ಸ್ನಾಯುವೂ ಕರಗಿ ಹೋಗಿರುತ್ತದೆ. ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ. ವರ್ಷಗಟ್ಟಲೆ ಹಾಗೇ ನಡೆದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆ ಹೇಗೂ ತೆಳುವಾಗುತ್ತಿರುತ್ತದೆ, ಅದಕ್ಕೆ ನಾವೇ ಕೈ ಜೋಡಿಸಿದಂತೆ. ನಾದಿನಿಯ ಡೋಸ್ ನಾದಿನಿಯ ಗ್ರಂಥಿ ಎಷ್ಟು ಸೋತಿದೆ ಎಂಬುದರ ಮೇಲೆ ನಿಂತಿರುತ್ತದೆ. ಅದಕ್ಕೂ ಅವಳು ಸಣ್ಣಗಿರುವುದಕ್ಕೂ ಸಂಬಂಧವಿಲ್ಲ.

ಟಿ.ಎಸ್.ಎಚ್. ಸರಿಬಂದ ಮೇಲೆ ನಿಮ್ಮ ದೇಹ ತೂಕದ ವಿಷಯದಲ್ಲಿ ಹೆಚ್ಚು ಕಡಿಮೆ ಥೈರಾಯ್ಡ್ ಇಲ್ಲದವರ ದೇಹದಂತೆಯೇ. ಉಳಿದ ಕಿಲೋಗಳು ಅವರಿಗೆ ಹೇಗೆ ಇಳಿಯುತ್ತವೋ ನಮಗೂ ಹಾಗೆಯೇ ಇಳಿಯಬೇಕು: ತಟ್ಟೆಯಿಂದ, ನಡಿಗೆಯಿಂದ, ನಿಧಾನವಾಗಿ.

ಕೋಸು, ರಾಗಿ, ಉಪ್ಪು

ತಟ್ಟೆಗೆ ಬರುವ ಮೊದಲು ಚೀಟಿಯ ಪ್ರಶ್ನೆಗಳನ್ನು ಮುಗಿಸಿಬಿಡುತ್ತೇನೆ. ಅಕ್ಕ ನನ್ನ ಬಳಿ ಬರುವಾಗಲೇ ಎಲೆಕೋಸು, ಹೂಕೋಸು, ಮೂಲಂಗಿ, ರಾಗಿ, ಸೋಯಾ ಎಲ್ಲವನ್ನೂ ಬಿಟ್ಟಿದ್ದರು. ವಾಟ್ಸಾಪ್‌ನಲ್ಲಿ ಬಂದಿತ್ತಂತೆ.

ಕೋಸಿನ ಜಾತಿಯ ತರಕಾರಿಗಳಲ್ಲಿರುವ ಕೆಲವು ಅಂಶಗಳು ಗ್ರಂಥಿ ಅಯೋಡಿನ್ ಬಳಸಿ ಹಾರ್ಮೋನ್ ತಯಾರಿಸುವುದಕ್ಕೆ ಅಡ್ಡಿ ಮಾಡಬಲ್ಲವು ಎಂಬುದು ನಿಜ. ಆದರೆ ಅದಕ್ಕೆ ಹಸಿಯಾಗಿ, ದಿನವೂ, ಬಹಳ ತಿನ್ನಬೇಕು. ಬೇಯಿಸಿದರೆ ಅವು ಗಣನೀಯವಾಗಿ ಕಡಿಮೆಯಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಮಾತ್ರೆ ತೆಗೆದುಕೊಳ್ಳುವವರಿಗೆ ಹಾರ್ಮೋನ್ ಹೊರಗಿನಿಂದ ತಯಾರಾಗಿಯೇ ಬರುತ್ತಿದೆ. ವಾರಕ್ಕೆರಡು ಸಲ ಕೋಸಿನ ಪಲ್ಯ ತಿಂದರೆ ಏನೂ ಆಗುವುದಿಲ್ಲ.

ರಾಗಿಯನ್ನೂ ಬಿಡಬೇಕಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಂಗೂ ಮೇಲೆ. ಆದ್ದರಿಂದಲೇ ಮಾತ್ರೆ ನುಂಗಿದ ಕೂಡಲೇ ಹಾಲು ಹಾಕಿದ ರಾಗಿ ಗಂಜಿ ಕುಡಿಯಬಾರದು. ಗಂಟೆ ಕಳೆದ ಮೇಲೆ ಧಾರಾಳವಾಗಿ ಕುಡಿಯಿರಿ. ಸೋಯಾ ಕೂಡ ಅಷ್ಟೇ, ಮಾತ್ರೆಯ ಹತ್ತಿರ ಬೇಡ, ಮಧ್ಯಾಹ್ನಕ್ಕೋ ರಾತ್ರಿಗೋ ಇರಲಿ. ಗೋಧಿಯನ್ನು ಬಿಡುವುದು ಸೀಲಿಯಾಕ್ ಕಾಯಿಲೆ ಇದೆಯೆಂದು ಪರೀಕ್ಷೆಯಲ್ಲಿ ತಿಳಿದವರಿಗೆ ಮಾತ್ರ.

ಉಪ್ಪಿನ ವಿಷಯದಲ್ಲಿ ಮಾತ್ರ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈಗ ಅಡುಗೆಮನೆಗೆ ಗುಲಾಬಿ ಬಣ್ಣದ ಉಪ್ಪು, ಸೈಂಧವ ಉಪ್ಪು ಬಂದಿವೆ. ಅಯೋಡಿನ್ ಸೇರಿಸದಿದ್ದರೆ ಇವುಗಳಲ್ಲಿ ನಮಗೆ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಿರುವುದು 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ ಇನ್ನೂ ಹೆಚ್ಚು. ಮನೆಯಲ್ಲಿ ಮಕ್ಕಳೋ ಗರ್ಭಿಣಿ ಸೊಸೆಯೋ ಇದ್ದರೆ ಅಯೋಡಿನ್ ಉಪ್ಪನ್ನು ಬಿಡಬೇಡಿ. ಹಾಗೆಂದು ಅಯೋಡಿನ್ ಹನಿ, ಕಡಲ ಪಾಚಿಯ ಮಾತ್ರೆ ತರಿಸಿಕೊಳ್ಳುವುದೂ ಬೇಡ. ಅಯೋಡಿನ್ ಉಪ್ಪು ಬಳಸುವ ಮನೆಗಳಲ್ಲಿ ಈ ಕಾಯಿಲೆಗೆ ಹೆಚ್ಚಾಗಿ ಕಾರಣ ಅಯೋಡಿನ್ ಕೊರತೆಯಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿ ಬೀಳುವುದು. ಅಂಥವರಿಗೆ ಅತಿಯಾದ ಅಯೋಡಿನ್ ತೊಂದರೆಯನ್ನು ಹೆಚ್ಚಿಸಬಹುದು.

ಅಕ್ಕನ ತಟ್ಟೆ

ನಾನು ಅವರಿಗೆ ಮೊದಲು ಕೇಳಿದ್ದು ಒಂದು ವಾರ ತಿಂದದ್ದನ್ನೆಲ್ಲ ಬರೆದಿಡಿ ಎಂದು. ಬದಲಿಸಬೇಡಿ, ಬರೆಯಿರಿ ಅಷ್ಟೇ. ಅವರ ಎತ್ತರ, ತೂಕ, ವಯಸ್ಸಿಗೆ ದಿನಕ್ಕೆ ಸುಮಾರು 1700 ಕ್ಯಾಲರಿ ಸಾಕು. ಪುಸ್ತಕದಲ್ಲಿ ಬರೆದಿದ್ದು ಅಷ್ಟೇ ಬಂತು, ಕೆಲವು ದಿನ ಸ್ವಲ್ಪ ಮೇಲೆ. ಅಂದರೆ ಅಕ್ಕ ಅತಿಯಾಗಿ ತಿನ್ನುತ್ತಿರಲಿಲ್ಲ. ತೂಕ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಲೆಕ್ಕ ಸರಿಹೋಗಿತ್ತು.

ನಾವು ನಾಲ್ಕೇ ಜಾಗದಲ್ಲಿ ಕೈ ಹಾಕಿದೆವು.

ದಿನಕ್ಕೆ ಮೂರು ಕಾಫಿ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ. ಅದನ್ನು ಅರ್ಧ ಚಮಚಕ್ಕೆ ಇಳಿಸಿದರು. ಒಮ್ಮೆಗೇ ಅಲ್ಲ, ಮೂರು ವಾರದಲ್ಲಿ. ಸುಮಾರು 80 ಕ್ಯಾಲರಿ ಉಳಿಯಿತು.

ಸಂಜೆ ಮನೆಗೆ ಬಂದ ಹಸಿವಿಗೆ ಡಬ್ಬಿಯಿಂದ ಎರಡು ಹಿಡಿ ಚಕ್ಕುಲಿ, ಖಾರಾ. ನಲವತ್ತು ಗ್ರಾಮಿಗೆ 200 ಕ್ಯಾಲರಿ. ಅದರ ಬದಲು ಒಂದು ಹಿಡಿ ಹುರಿಗಡಲೆ. ಆಫೀಸಿನ ಬ್ಯಾಗಿನಲ್ಲೇ ಇಟ್ಟುಕೊಂಡು ರೈಲಿನಲ್ಲಿ ತಿಂದರೆ, ಮನೆಗೆ ಬಂದು ಡಬ್ಬಿಗೆ ಕೈ ಹಾಕುವಷ್ಟು ಹಸಿವು ಇರುವುದಿಲ್ಲ. ಇಲ್ಲಿ ಸುಮಾರು 100 ಕ್ಯಾಲರಿ.

ಮೂರನೆಯದು ಎಣ್ಣೆ. ಎಷ್ಟು ಹಾಕುತ್ತೀರಿ ಎಂದರೆ ಎಲ್ಲರೂ "ಕಡಿಮೆಯೇ" ಎನ್ನುತ್ತಾರೆ. ಹಾಗಾಗಿ ನಾನು ಕೇಳುವುದು ತಿಂಗಳಿಗೆ ಎಷ್ಟು ಲೀಟರ್ ತರುತ್ತೀರಿ, ಮನೆಯಲ್ಲಿ ಎಷ್ಟು ಜನ ಎಂದು. ಇವರದು ನಾಲ್ಕು ಜನಕ್ಕೆ ನಾಲ್ಕು ಲೀಟರ್. ತಲೆಗೊಂದು ಲೀಟರ್ ಎಂದರೆ ದಿನಕ್ಕೆ 33 ಮಿಲಿಲೀಟರ್, ಬರೀ ಎಣ್ಣೆಯಿಂದಲೇ 270 ಕ್ಯಾಲರಿಗೂ ಮೇಲೆ. ತಿಂಗಳಿಗೆ ಮೂರೇ ಲೀಟರ್ ತರುವುದೆಂದು ಮಾಡಿಕೊಂಡರು. ಒಗ್ಗರಣೆ ನಿಲ್ಲಲಿಲ್ಲ, ಚಮಚದಲ್ಲಿ ಅಳೆದು ಹಾಕಿದರು. ಸುಮಾರು 70 ಕ್ಯಾಲರಿ.

ನಾಲ್ಕನೆಯದು ರಾತ್ರಿಯ ಅನ್ನ. ಒಂದು ಸೌಟು ಕಡಿಮೆ, ಆ ಜಾಗಕ್ಕೆ ಪಲ್ಯ. ಸುಮಾರು 50 ಕ್ಯಾಲರಿ.

ಒಟ್ಟು 300. ಉಪವಾಸವಿಲ್ಲ, ರಾತ್ರಿ ಊಟ ಬಿಡುವುದಿಲ್ಲ. ತೀರಾ ಕಡಿಮೆ ತಿಂದರೆ ದೇಹ ಸ್ನಾಯುವನ್ನೂ ಕಳೆದುಕೊಳ್ಳುತ್ತದೆ, ಥೈರಾಯ್ಡ್ ಹಾರ್ಮೋನ್ ಕೆಲಸ ಮಾಡುವ ವೇಗವನ್ನೂ ತಗ್ಗಿಸಿಕೊಳ್ಳುತ್ತದೆ. 800 ಕ್ಯಾಲರಿಯ ಡಯಟ್ ಮಾಡಿ ಎರಡು ತಿಂಗಳಲ್ಲಿ ಸುಸ್ತಾಗಿ ಬಿದ್ದು, ಮತ್ತೆ ಎಲ್ಲ ವಾಪಸು ಬಂದವರನ್ನು ನೀವೂ ನೋಡಿರುತ್ತೀರಿ.

ಕಡಿಮೆ ಮಾಡಿದ್ದು ನಾಲ್ಕಾದರೆ ಹೆಚ್ಚು ಮಾಡಿದ್ದು ಒಂದೇ, ಪ್ರೋಟೀನ್. ಪುಸ್ತಕದ ಲೆಕ್ಕದಲ್ಲಿ ಅವರಿಗೆ ದಿನಕ್ಕೆ ಸಿಗುತ್ತಿದ್ದುದು ಸುಮಾರು 42 ಗ್ರಾಂ. 60ರ ಹತ್ತಿರ ತಂದೆವು. ಅದಕ್ಕೆ ಪುಡಿಯ ಡಬ್ಬಿ ಬೇಕಾಗಲಿಲ್ಲ. ತಿಳಿ ಸಾರಿನ ಬದಲು ಗಟ್ಟಿ ಬೇಳೆ, ತಿಂಡಿಯ ಜೊತೆ ಒಂದು ಮೊಟ್ಟೆ, ಮಧ್ಯಾಹ್ನದ ಡಬ್ಬಿಯಲ್ಲಿ ಮೊಳಕೆ ಹೆಸರುಕಾಳಿನ ಉಸಲಿ, ಒಂದು ಬಟ್ಟಲು ಮೊಸರು. ವಾರಕ್ಕೆ ಎರಡು ಮೂರು ದಿನ ಬಂಗುಡೆಯೋ ಭೂತಾಯಿಯೋ, ಹುರಿದದ್ದಲ್ಲ, ಗಸಿಯದು. ಮೊಟ್ಟೆ ಮೀನು ತಿನ್ನದವರು ಕಾಳು, ಮೊಸರು, ಪನೀರ್, ಶೇಂಗಾದಲ್ಲಿ ಇದನ್ನು ಹೊಂದಿಸಿಕೊಳ್ಳಬಹುದು. ತೂಕ ಇಳಿಯುವಾಗ ಸ್ನಾಯು ಉಳಿಯಬೇಕಾದರೆ ಇದು ಬೇಕು. ಕಾಳು, ತರಕಾರಿ ಹೆಚ್ಚಾದದ್ದರಿಂದ ಮಲಬದ್ಧತೆಯೂ ಸುಧಾರಿಸಿತು.

ನಡಿಗೆ ಮತ್ತು ಕುರ್ಚಿ

ವ್ಯಾಯಾಮದಲ್ಲಿ ಥೈರಾಯ್ಡ್ ಇರುವವರು ಗಮನಿಸಬೇಕಾದ ವಿಷಯ ಒಂದಿದೆ. ಹಾರ್ಮೋನ್ ಕಡಿಮೆ ಇರುವಾಗ ಸ್ನಾಯುಗಳು ಬೇಗ ದಣಿಯುತ್ತವೆ, ನೋಯುತ್ತವೆ, ಹಿಡಿದುಕೊಳ್ಳುತ್ತವೆ. ಟಿ.ಎಸ್.ಎಚ್. 22 ಇರುವಾಗ ಜಿಮ್ಮಿಗೆ ಸೇರಿದರೆ ಮೂರನೇ ದಿನ ಹಾಸಿಗೆ ಹಿಡಿಯುವುದು ಸೋಮಾರಿತನವಲ್ಲ, ಕಾಯಿಲೆಯ ಲಕ್ಷಣ. ಆ ಹೊತ್ತಿನಲ್ಲಿ ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷದ ನಿಧಾನ ನಡಿಗೆ ಸಾಕು.

ಟಿ.ಎಸ್.ಎಚ್. ಸರಿಬಂದ ಮೇಲೆ ಅಕ್ಕ ನಡಿಗೆಯನ್ನು ಅರ್ಧ ಗಂಟೆಗೆ ತಂದರು, ವಾರಕ್ಕೆ ಐದು ದಿನ. ವೇಗ ಎಷ್ಟಿರಬೇಕೆಂದರೆ, ಜೊತೆಗಿರುವವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಸೊಸೈಟಿಯ ಕಂಪೌಂಡಿನಲ್ಲಿ ಊಟವಾದ ಮೇಲೆ ಮೂವರು ಅಕ್ಕಪಕ್ಕ ನಿಂತು ಹರಟುತ್ತಾ ಹಾಕುವ ಸುತ್ತು ಇದಕ್ಕೆ ಲೆಕ್ಕವಿಲ್ಲ.

ಇದರ ಜೊತೆ ವಾರಕ್ಕೆ ಎರಡು ದಿನ ಸ್ನಾಯುವಿಗೆ ಕೆಲಸ. ಊಟದ ಮೇಜಿನ ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು, ಹತ್ತು ಸಲ. ಗೋಡೆಗೆ ಎರಡೂ ಕೈ ಇಟ್ಟು ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳುವುದು, ಹತ್ತು ಸಲ. ಲೀಟರಿನ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು ಭುಜದಿಂದ ಮೇಲಕ್ಕೆ ಎತ್ತುವುದು, ಹತ್ತು ಸಲ. ಅಡುಗೆ ಕಟ್ಟೆ ಹಿಡಿದು ತುದಿಗಾಲಿನಲ್ಲಿ ಏಳುವುದು, ಹದಿನೈದು ಸಲ. ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಸುಲಭವಾದಾಗ ಸಂಖ್ಯೆ ಹೆಚ್ಚಿಸಿ.

ಅತಿಯಾಯಿತೇ ಎಂದು ತಿಳಿಯುವುದು ಹೇಗೆ? ಮರುದಿನ ಸ್ವಲ್ಪ ಮೈಕೈ ನೋವು ಸಹಜ. ಎರಡು ದಿನ ಕಳೆದರೂ ನೋವು ಹೋಗದಿದ್ದರೆ ಹಿಂದಿನ ಹಂತಕ್ಕೆ ಇಳಿಯಿರಿ. ಸುಮ್ಮನೆ ಕುಳಿತಾಗಲೂ ನಾಡಿ ನಿಮಿಷಕ್ಕೆ ನೂರು ದಾಟುತ್ತಿದ್ದರೆ, ಎದೆ ಬಡಿತ ತಪ್ಪಿದಂತಾದರೆ, ಡೋಸ್ ಹೆಚ್ಚಾಗಿರಬಹುದು, ವೈದ್ಯರಿಗೆ ತೋರಿಸಿ. ನಡೆಯುವಾಗ ಎದೆ ಹಿಡಿದಂತಾಗುವವರು, ಹೃದಯದ ತೊಂದರೆ ಇರುವವರು ಯಾವ ವ್ಯಾಯಾಮವನ್ನೂ ವೈದ್ಯರನ್ನು ಕೇಳದೆ ಆರಂಭಿಸಬೇಡಿ.

ಅರ್ಧ ಗಂಟೆಯ ನಡಿಗೆಯಿಂದ ಖರ್ಚಾಗುವುದು ಸುಮಾರು 100 ಕ್ಯಾಲರಿ ಮಾತ್ರ. ಒಂದು ವಡಾಪಾವ್ ತಿಂದರೆ ಆ ದಿನದ ಲೆಕ್ಕ ತಿರುಗಿಬಿತ್ತು. ತೂಕ ಇಳಿಸುವುದರಲ್ಲಿ ದೊಡ್ಡ ಪಾಲು ತಟ್ಟೆಯದು. ವ್ಯಾಯಾಮದ ಕೆಲಸ ಸ್ನಾಯು ಉಳಿಸುವುದು, ಸಕ್ಕರೆ ಮತ್ತು ಬಿ.ಪಿ. ಹತೋಟಿಯಲ್ಲಿಡುವುದು, ಇಳಿದ ತೂಕ ಮತ್ತೆ ಏರದಂತೆ ತಡೆಯುವುದು.

ಆರು ತಿಂಗಳ ನಂತರ

ಕಾಗದದ ಲೆಕ್ಕದಲ್ಲಿ ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲರಿ. ಊಟದಿಂದ 300, ನಡಿಗೆಯದನ್ನು ಏಳು ದಿನಕ್ಕೆ ಹಂಚಿದರೆ 70. ದಿನಕ್ಕೆ 370 ಉಳಿದರೆ ತಿಂಗಳಿಗೆ ಸುಮಾರು ಒಂದೂವರೆ ಕಿಲೋ, ಆರು ತಿಂಗಳಲ್ಲಿ ಎಂಟೂವರೆ ಕಿಲೋ ಇಳಿಯಬೇಕಿತ್ತು.

ನಿಜವಾಗಿ ಇಳಿದದ್ದು 3.9 ಕಿಲೋ. 69.8ರಿಂದ 65.9.

ಮೊದಲ ಎರಡು ತಿಂಗಳಲ್ಲಿ ಎರಡು ಕಿಲೋ ಹೋಯಿತು. ಮೂರನೇ ತಿಂಗಳು ಗಣೇಶ ಚೌತಿ, ಅದರ ಬೆನ್ನಿಗೆ ನವರಾತ್ರಿ. ತೂಕ ಅಲ್ಲೇ ನಿಂತಿತು, ಒಂದು ವಾರ ಏರಿಯೂ ಇತ್ತು. ಆಮೇಲೆ ತಿಂಗಳಿಗೆ ಅರ್ಧ, ಮುಕ್ಕಾಲು ಕಿಲೋದಂತೆ ಇಳಿಯಿತು. ಕಾಗದದ ಲೆಕ್ಕ ತಪ್ಪುವುದಕ್ಕೆ ಎರಡು ಕಾರಣ. ತೂಕ ಇಳಿದಂತೆ ದೇಹಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತಾ ಬರುತ್ತದೆ. ಮತ್ತೆ, ಮನುಷ್ಯರಾದ ನಾವು ವಾರದ ಏಳೂ ದಿನ ಅಳೆದು ತಿನ್ನುವುದಿಲ್ಲ, ನಾಲ್ಕೈದು ದಿನ ಮಾತ್ರ. ಆದ್ದರಿಂದ ಯಾರಿಗೇ ಆಗಲಿ ನಾನು ಹೇಳುವುದು ತಿಂಗಳಿಗೆ ಅರ್ಧದಿಂದ ಒಂದು ಕಿಲೋ ಎಂದು. ಆರು ತಿಂಗಳಲ್ಲಿ ಮೈತೂಕದ ನೂರಕ್ಕೆ ಐದು ಭಾಗ ಇಳಿದರೆ ಅದು ಒಳ್ಳೆಯ ಫಲ. ರಕ್ತದ ಸಕ್ಕರೆ, ಬಿ.ಪಿ., ಟ್ರೈಗ್ಲಿಸರೈಡ್ ಮೇಲೆ ಅಷ್ಟರಲ್ಲೇ ವ್ಯತ್ಯಾಸ ಕಾಣುತ್ತದೆ.

ಅಕ್ಕ ಆ ದಿನ ಖುಷಿಯಾಗಿರಲಿಲ್ಲ, ನಿಜ ಹೇಳಬೇಕಲ್ಲ. "ಅರವತ್ತಕ್ಕೆ ಬರಬೇಕು ಅಂತಿತ್ತು ಮೇಡಂ, ಮಗಳ ಮದುವೆಗೆ ಮೊದಲು," ಎಂದರು. ನಾನು ಟೇಪ್ ತೆಗೆದು ಸೊಂಟದ ಅಳತೆ ನೋಡಿದೆ. 94 ಸೆಂಟಿಮೀಟರ್ ಇದ್ದದ್ದು 88 ಆಗಿತ್ತು. ನಮ್ಮ ದೇಶದ ಹೆಂಗಸರಿಗೆ 80ರ ಒಳಗಿರಬೇಕು ಎನ್ನುತ್ತಾರೆ, ಅಲ್ಲಿಗೆ ಇನ್ನೂ ದೂರವಿದೆ. ಆದರೆ ದಾದರ್ ಸ್ಟೇಷನ್ನಿನ ಮೆಟ್ಟಿಲನ್ನು ಅವರು ನಡುವೆ ನಿಲ್ಲದೆ ಹತ್ತುತ್ತಿದ್ದರು. ಅದನ್ನು ಅವರೇ ಆಮೇಲೆ ನೆನಪಿಸಿಕೊಂಡು ಹೇಳಿದರು.

60 ಕಿಲೋ ಅವರಿಗೆ ಬಾರದೇ ಇರಬಹುದು. ನಲವತ್ತಾರರಲ್ಲಿ ಇಪ್ಪತ್ತಾರರ ತೂಕವನ್ನು ಗುರಿ ಮಾಡಿಕೊಂಡರೆ ಥೈರಾಯ್ಡ್ ಇಲ್ಲದವರೂ ಸೋಲುತ್ತಾರೆ. ನಾವು ಮುಂದಿನ ಆರು ತಿಂಗಳಿಗೆ ಹಾಕಿಕೊಂಡ ಗುರಿ ಇನ್ನೆರಡು ಕಿಲೋ, ಮತ್ತು ಇಳಿದದ್ದು ಏರದಿರುವುದು.

ನೀವು ಮನೆಯಲ್ಲಿ ತೂಕ ನೋಡುವುದಾದರೆ ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಶೌಚದ ನಂತರ, ತಿಂಡಿಗೆ ಮೊದಲು. ದಿನದಿಂದ ದಿನಕ್ಕೆ ಒಂದು ಕಿಲೋ ಹೆಚ್ಚು ಕಡಿಮೆ ತೋರಿಸುವುದು ನೀರಿನ ಲೆಕ್ಕ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾಲ್ಕು ವಾರದ ಅಂಕಿಗಳನ್ನು ಜೊತೆಗಿಟ್ಟು ನೋಡಿ. ಎರಡು ತಿಂಗಳು ಒಂದೇ ಕಡೆ ನಿಂತಿದ್ದರೆ ಮತ್ತೆ ಒಂದು ವಾರ ತಿಂದದ್ದನ್ನು ಬರೆಯಿರಿ, ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ. ಆದರೆ ತೂಕ ಕಾರಣವಿಲ್ಲದೆ ಏರುತ್ತಿದ್ದು, ಚಳಿ, ಮಲಬದ್ಧತೆ, ಮುಖದ ಊತ ಮರಳಿ ಬಂದಿದ್ದರೆ ತಟ್ಟೆಯನ್ನು ದೂರುವ ಮೊದಲು ಟಿ.ಎಸ್.ಎಚ್. ಮಾಡಿಸಿ. ತೂಕ ಬಹಳ ಇಳಿದವರಿಗೂ ಡೋಸ್ ಕಡಿಮೆ ಮಾಡಬೇಕಾಗಿ ಬರಬಹುದು, ಅವರೂ ಪರೀಕ್ಷೆ ಮಾಡಿಸಬೇಕು.

ಕೊನೆಯದಾಗಿ ಇಲ್ಲಿರುವ ಚಿಕ್ಕ ವಯಸ್ಸಿನವರಿಗೆ ಒಂದು ಮಾತು. ಥೈರಾಯ್ಡ್ ಮಾತ್ರೆಯಲ್ಲಿರುವಾಗ ಗರ್ಭಿಣಿಯಾದರೆ ನಾನು ಹೇಳಿದ ಕ್ಯಾಲರಿ ಇಳಿಸುವ ಲೆಕ್ಕ ನಿಮಗಲ್ಲ. ತಿಳಿದ ದಿನವೇ ವೈದ್ಯರಿಗೆ ಫೋನ್ ಮಾಡಿ. ಸಾಮಾನ್ಯವಾಗಿ ಆಗ ಡೋಸ್ ಹೆಚ್ಚಿಸಬೇಕಾಗುತ್ತದೆ, ಮೊದಲ ತಿಂಗಳುಗಳಲ್ಲಿ ಮಗು ನಿಮ್ಮ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಲೇಬೇಡಿ.

ಚಹಾ ಬಂದಿದೆ ಎಂದು ಅಧ್ಯಕ್ಷರು ಕಣ್ಸನ್ನೆ ಮಾಡುತ್ತಿದ್ದಾರೆ. ಬೆಳಗಿನ ಮಾತ್ರೆ ನುಂಗಿ ಒಂದು ಗಂಟೆ ಎಂದೋ ಆಗಿರುವುದರಿಂದ ಎಲ್ಲರೂ ಧಾರಾಳವಾಗಿ ಕುಡಿಯಬಹುದು. ಸಕ್ಕರೆ ಎಷ್ಟೆಂದು ಮಾತ್ರ ಕೇಳಿಕೊಳ್ಳಿ. ಉಳಿದ ಚೀಟಿಗಳಿಗೆ ಚಹಾದ ಜೊತೆ ಉತ್ತರಿಸುತ್ತೇನೆ.